ವಾಕ್ಯದ ಬಾಲ ನೋಡಿ: ಫೋನಿಗೆ ಹೇಳಿ ಕನ್ನಡದಲ್ಲಿ ಇಮೇಲ್ ಬರೆಸುವುದು ಹೇಗೆ?

ನಮ್ಮ ಕನ್ನಡ ಸಂಘದಲ್ಲಿ ಅರ್ಧಕ್ಕರ್ಧ ಜನ ಇಂಗ್ಲಿಷ್ ಮೀಡಿಯಂನವರು. ಕನ್ನಡದಲ್ಲಿ ಮಾತಾಡಿ ಅಂದ್ರೆ ಗಂಟೆಗಟ್ಟಲೆ ಮಾತಾಡ್ತೇವೆ. ಅದೇ ಮಾತನ್ನು ಟೈಪ್ ಮಾಡಿ ಅಂದ್ರೆ ಒತ್ತಕ್ಷರ ಎಲ್ಲಿದೆ, ದೀರ್ಘ ಎಲ್ಲಿದೆ ಅಂತ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗ್ತದೆ. ಹಾಗಾಗಿ ಇಲಾಖೆಗೋ ಅತಿಥಿಗಳಿಗೋ ಇಮೇಲ್ ಕಳಿಸಬೇಕಾದಾಗ ನಾವು ಈಗ ಫೋನಿಗೆ ಹೇಳಿ ಬರೆಸುತ್ತೇವೆ. ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳನ್ನು ಈ ಸೌಲಭ್ಯಕ್ಕೆ ಸೇರಿಸಿತು. ಆಂಡ್ರಾಯ್ಡ್ ಫೋನ್ ಇದ್ದವರ ಹತ್ತಿರ ಇದು ಹೆಚ್ಚುಕಡಿಮೆ ಇದ್ದೇ ಇರ್ತದೆ, ಆನ್ ಮಾಡಿರುವುದಿಲ್ಲ ಅಷ್ಟೆ.

ಹೇಳುವುದು ಸುಲಭ. ಫೋನ್ ಬರೆದದ್ದನ್ನು ತಿದ್ದುವುದೇ ನಿಜವಾದ ಕೆಲಸ. ಆ ತಪ್ಪುಗಳು ಎಲ್ಲಿ ಅಡಗಿರ್ತವೆ, ಯಾಕೆ ಕಣ್ಣಿಗೆ ಬೀಳುವುದಿಲ್ಲ, ಬೇಗ ತಿದ್ದುವುದು ಹೇಗೆ ಅನ್ನುವುದನ್ನು ಒಂದೇ ಒಂದು ಇಮೇಲ್ ಇಟ್ಟುಕೊಂಡು ಇಲ್ಲಿ ನೋಡೋಣ.

ಮೊದಲು ಸೆಟ್ಟಿಂಗ್

ಇಲ್ಲಿ ಹೇಳುವುದೆಲ್ಲ Gboard ಕೀಬೋರ್ಡಿಗೆ. ಬೇರೆ ಕೀಬೋರ್ಡ್ ಇದ್ದರೆ ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಿ. ಕೀಬೋರ್ಡಿನ ಸೆಟ್ಟಿಂಗ್‌ಗೆ ಹೋಗಿ Languages ಒತ್ತಿ, Add keyboard ಒತ್ತಿ, ಪಟ್ಟಿಯಲ್ಲಿ Kannada ಆರಿಸಿ. ಅಲ್ಲಿ ಎರಡು ಬಗೆಯ ಕೀಬೋರ್ಡ್ ಕಾಣ್ತದೆ. ಒಂದು ಕನ್ನಡ ಅಕ್ಷರಗಳದ್ದು, ಇನ್ನೊಂದು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವಂಥದ್ದು. ಎರಡನ್ನೂ ಹಾಕಿಕೊಳ್ಳಿ, ಮುಂದೆ ಎರಡೂ ಬೇಕಾಗ್ತವೆ. ಆಮೇಲೆ ಸ್ಪೇಸ್ ಪಟ್ಟಿಯನ್ನು ಒತ್ತಿ ಹಿಡಿದರೆ ಭಾಷೆ ಬದಲಿಸಬಹುದು. ಸ್ಪೇಸ್ ಪಟ್ಟಿಯ ಮೇಲೆ ಕನ್ನಡ ಅಂತ ಕಂಡ ಮೇಲೆ ಮೈಕ್ ಗುರುತು ಒತ್ತಿ ಮಾತಾಡಿ. ಆಗಲೂ ಇಂಗ್ಲಿಷ್ ಅಕ್ಷರವೇ ಬಂದರೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ Voice typing ಒಳಗೂ ಒಂದು Languages ಉಂಟಾ ನೋಡಿ, ಅಲ್ಲಿಯೂ ಕನ್ನಡ ಆರಿಸಿ.

ಹೇಳಿದ್ದು ಒಂದು, ಬರೆದದ್ದು ಇನ್ನೊಂದು

ನಾವು ತೆಗೆದುಕೊಂಡ ಉದಾಹರಣೆ ಇದು. ಕದ್ರಿ ಪಾರ್ಕಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಸುತ್ತಾಡಿ ಅಲ್ಲಿನ ಮರಗಳ ಕನ್ನಡ ಹೆಸರು ಬರೆದುಕೊಳ್ಳಬೇಕು. ಅದಕ್ಕೆ ಅನುಮತಿ ಕೇಳಿ ತೋಟಗಾರಿಕೆ ಇಲಾಖೆಗೆ ಒಂದು ಇಮೇಲ್. ಫೋನಿಗೆ ಹೇಳಿದ್ದು ಹೀಗೆ:

> ಮಾನ್ಯರೇ, ನಾವು ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘದ ವಿದ್ಯಾರ್ಥಿಗಳು. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕದ್ರಿ ಪಾರ್ಕಿಗೆ ಇಪ್ಪತ್ತು ಜನ ಬರುತ್ತೇವೆ. ಅಲ್ಲಿನ ಮರಗಳ ಕನ್ನಡ ಹೆಸರು ಬರೆದುಕೊಳ್ಳುತ್ತೇವೆ. ಎಲೆ, ಹೂ ಕೀಳುವುದಿಲ್ಲ. ಮೈಕ್ ತರುವುದಿಲ್ಲ. ಇದಕ್ಕೆ ಅನುಮತಿ ಕೊಡಬೇಕಾಗಿ ವಿನಂತಿ.

ಇದನ್ನೇ ನಾಲ್ಕೈದು ಸಲ, ಬೇರೆ ಬೇರೆಯವರು, ಬೇರೆ ಬೇರೆ ಜಾಗದಲ್ಲಿ ನಿಂತು ಹೇಳಿ ನೋಡಿದೆವು. ಒಂದೊಂದು ಸಲ ಒಂದೊಂದು ಕಡೆ ತಪ್ಪು ಬಂತು. ಆ ತಪ್ಪುಗಳನ್ನೆಲ್ಲ ಒಂದೇ ಕಡೆ ಸೇರಿಸಿದರೆ ಇಮೇಲ್ ಹೀಗೆ ಕಾಣ್ತದೆ:

> ಮಾನ್ಯರೇ ನಾವು ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘದ ವಿದ್ಯಾರ್ಥಿಗಳು ಬರುವ ಭಾನುವಾರ ಬೆಳಿಗ್ಗೆ ಹೇಳು ಗಂಟೆಗೆ ಕತ್ರಿ ಪಾರ್ಕ್ ಗೆ ಎಪ್ಪತ್ತು ಜನ ಬರುತ್ತವೆ ಅಲ್ಲಿನ ಮರಗಳ ಕನ್ನಡ ಹೆಸರು ಬರೆದುಕೊಳ್ಳುತ್ತೇವೆ ಎಳೆ ಹೂ ಕೀಳುವುದು ಮೈಕ್ ತರುವುದಿಲ್ಲ ಇದಕ್ಕೆ ಅನುಮತಿ ಕೊಡಬೇಕಾಗಿ ವಿನಂತಿ

ಬೇಗ ಬೇಗ ಓದಿದರೆ ಎಲ್ಲ ಸರಿ ಇದ್ದ ಹಾಗೇ ಕಾಣ್ತದೆ, ಅಲ್ವಾ? ನಿಧಾನಕ್ಕೆ ಓದಿ. ಇಪ್ಪತ್ತು ಜನ ಎಪ್ಪತ್ತಾಗಿದ್ದಾರೆ. ನಾವು ಬರುವುದಲ್ಲ, ಯಾವುವೋ ಪ್ರಾಣಿಗಳು ಬರುತ್ತವೆ. ಹೂ ಕೀಳುವುದಿಲ್ಲ ಅಂತ ಮಾತು ಕೊಡಬೇಕಾದ ಕಡೆ ಎಳೆ ಹೂ ಕೀಳುವುದೇ ನಮ್ಮ ಕಾರ್ಯಕ್ರಮ ಅಂತ ಆಗಿದೆ. ಇದನ್ನು ಓದಿ ಯಾವ ಅಧಿಕಾರಿ ಅನುಮತಿ ಕೊಡ್ತಾರೆ?

ತಪ್ಪು ಯಾಕೆ ಕಣ್ಣಿಗೆ ಬೀಳುವುದಿಲ್ಲ?

ಕೈಯಲ್ಲಿ ಟೈಪ್ ಮಾಡುವಾಗ ತಪ್ಪಿದರೆ ಸಾಮಾನ್ಯವಾಗಿ ಅರ್ಥವೇ ಇಲ್ಲದ ಪದ ಹುಟ್ಟುತ್ತದೆ. 'ಕೀಳುವುದಿಲ್ಲ' ಹೋಗಿ 'ಕೀಳುವುದುಲ್ಲ' ಆದರೆ ಓದುವಾಗ ಅಲ್ಲೇ ಎಡವುತ್ತೇವೆ. ಧ್ವನಿ ಟೈಪಿಂಗ್‌ನಲ್ಲಿ ಹಾಗಲ್ಲ. ಫೋನ್ ನಮ್ಮ ಧ್ವನಿಯನ್ನು ಕೇಳಿ, ಅದಕ್ಕೆ ಹೊಂದಬಹುದಾದ ಹಲವು ಪದಗಳನ್ನು ಅಂದಾಜು ಮಾಡಿ, ಅಕ್ಕಪಕ್ಕದ ಪದಗಳ ಜೊತೆ ಯಾವುದು ಹೆಚ್ಚು ಬಳಕೆಯಲ್ಲಿದೆಯೋ ಅದನ್ನು ಆರಿಸ್ತದೆ. ಹಾಗಾಗಿ ಅದು ತಪ್ಪಿದಾಗಲೂ ಹೆಚ್ಚಾಗಿ ಕನ್ನಡದಲ್ಲಿ ಇರುವ ಪದವನ್ನೇ ಬರೆಯುತ್ತದೆ. ಎಪ್ಪತ್ತು ಒಂದು ಪದ, ಬರುತ್ತವೆ ಒಂದು ಪದ, ಎಳೆ ಒಂದು ಪದ. ಕಾಗುಣಿತ ಪರೀಕ್ಷೆಗೆ ಇದರಲ್ಲಿ ಯಾವುದೂ ಸಿಗುವುದಿಲ್ಲ, ಕೆಳಗೆ ಕೆಂಪು ಗೆರೆ ಬರುವುದಿಲ್ಲ.

ಅಂದ್ರೆ ಇಡೀ ಇಮೇಲನ್ನು ಒಂದೇ ಸಲ ಕಣ್ಣಾಡಿಸಿ ಬಿಟ್ಟರೆ ಸಾಲದು. ಎಲ್ಲಿ ನೋಡಬೇಕು ಅಂತ ಮೊದಲೇ ಗೊತ್ತಿರಬೇಕು. ನಾವು ಮೂರು ಜಾಗ ಇಟ್ಟುಕೊಂಡಿದ್ದೇವೆ: ವಾಕ್ಯದ ಬಾಲ, ಸಂಖ್ಯೆ, ಊರಿನ ಹೆಸರು.

ಒಂದನೆಯದು, ವಾಕ್ಯದ ಬಾಲ

ಇಂಗ್ಲಿಷಿನಲ್ಲಿ ಯಾರು, ಇಲ್ಲವೋ ಹೌದೋ ಅನ್ನುವುದೆಲ್ಲ ವಾಕ್ಯದ ಮೊದಲ ಭಾಗದಲ್ಲೇ ಬಂದು ಹೋಗ್ತದೆ. ಕನ್ನಡದಲ್ಲಿ ಅದೆಲ್ಲ ಕೊನೆಯ ಕ್ರಿಯಾಪದದ ಬಾಲದಲ್ಲಿ ಕೂತಿರ್ತದೆ. ಕೀಳುವುದು, ಕೀಳುವುದಿಲ್ಲ. ಬರುತ್ತೇವೆ, ಬರುತ್ತವೆ. ಕೊನೆಯ ಒಂದೆರಡು ಅಕ್ಷರ ಬದಲಾದರೆ ಇಡೀ ವಾಕ್ಯದ ಅರ್ಥವೇ ತಿರುಗಿ ಬೀಳ್ತದೆ.

ನಮ್ಮ ಸ್ವರ ಇಳಿಯುವುದು ಕೂಡ ಅಲ್ಲೇ. ವಾಕ್ಯ ಮುಗಿಯುತ್ತಾ ಬಂದ ಹಾಗೆ ಉಸಿರು ಕಡಿಮೆಯಾಗಿ ಕೊನೆಯ 'ಇಲ್ಲ' ಗಂಟಲಲ್ಲೇ ಉಳೀತದೆ. ಮನುಷ್ಯರಾದರೆ ನಮ್ಮ ಮುಖ ನೋಡಿ ಅರ್ಥ ಮಾಡಿಕೊಳ್ತಾರೆ, ಫೋನಿಗೆ ಧ್ವನಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಇನ್ನು ಕೆಲವರು ಕೊನೆಯ ಪದ ಬಾಯಿಂದ ಹೊರಡುವ ಮೊದಲೇ ಮೈಕ್ ಆಫ್ ಮಾಡಿಬಿಡ್ತಾರೆ. ಆಗಲೂ ಹೋಗುವುದು ಬಾಲವೇ.

ಇದಕ್ಕೆ ಎರಡು ಉಪಾಯ. ಮೊದಲನೆಯದು, ಒಂದು ವಾಕ್ಯ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡು, ಕೊನೆಯವರೆಗೂ ಒಂದೇ ಗಟ್ಟಿಯಲ್ಲಿ ಹೇಳಿ, ಒಂದು ಕ್ಷಣ ಬಿಟ್ಟು ಆಮೇಲೆ ಮೈಕ್ ನಿಲ್ಲಿಸುವುದು. ಕದ್ರಿ ಗುಡ್ಡದ ಮೇಲಿನ ಆಕಾಶವಾಣಿಯಿಂದ ಬರುವ ಕಾರ್ಯಕ್ರಮ ಕೇಳಿದರೆ ಗೊತ್ತಾಗ್ತದೆ, ಉದ್ಘೋಷಕರು ಯಾವತ್ತೂ ವಾಕ್ಯದ ಕೊನೆಯನ್ನು ನುಂಗುವುದಿಲ್ಲ. ಹಾಗೆ ಹೇಳಿದರೆ ಸಾಕು, ಕಿರುಚುವುದು ಬೇಡ.

ಎರಡನೆಯದು, ಮಾತಿನ ಗಿಡ್ಡ ರೂಪ ಬಿಟ್ಟು ಬರಹದ ಉದ್ದ ರೂಪ ಹೇಳುವುದು. ಮಾತಿನಲ್ಲಿ ನಾವು 'ತರಲ್ಲ' ಅಂತೇವೆ. ಅದರಲ್ಲಿ ಇಲ್ಲ ಅನ್ನುವ ಅರ್ಥ ಇರುವುದು ಒಂದೇ ಒಂದು ಒತ್ತಕ್ಷರದಲ್ಲಿ. ಅದು ಸ್ವಲ್ಪ ಮೆತ್ತಗಾದರೆ 'ತರಲಿ' ಆಗಬಹುದು, 'ತರಲು' ಆಗಬಹುದು. 'ತರುವುದಿಲ್ಲ' ಅಂದರೆ ಫೋನಿಗೆ ಹಿಡಿದುಕೊಳ್ಳಲು ಇನ್ನೂ ಎರಡು ಅಕ್ಷರ ಹೆಚ್ಚು ಸಿಗ್ತದೆ. ಹೇಗೂ ಇಲಾಖೆಗೆ ಬರೆಯುವಾಗ ಬೇಕಾದದ್ದು ಬರಹದ ರೂಪವೇ. ಈ ವಿಷಯದಲ್ಲಿ ಮಂಗಳೂರಿನವರು ಪುಣ್ಯವಂತರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿ ಕನ್ನಡವನ್ನು ಶಾಲೆಯಲ್ಲಿ ಕಲಿತವರೇ ಹೆಚ್ಚು, ಹಾಗಾಗಿ ಪುಸ್ತಕದ ರೂಪ ನಮ್ಮ ನಾಲಗೆಗೆ ಅಷ್ಟು ಪರಕೀಯ ಅಲ್ಲ.

ಹೇಳಿ ಮುಗಿದ ಮೇಲೆ ಮೊದಲ ಓದು ಬರೀ ಬಾಲಗಳದ್ದು. ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಓದುತ್ತಾ ಹೋಗಿ: ವಿದ್ಯಾರ್ಥಿಗಳು, ಬರುತ್ತವೆ, ಬರೆದುಕೊಳ್ಳುತ್ತೇವೆ, ಕೀಳುವುದು, ತರುವುದಿಲ್ಲ, ವಿನಂತಿ. ಹೀಗೆ ಬಿಡಿಸಿ ಇಟ್ಟರೆ ತಪ್ಪಾದ ಎರಡೂ ಎದ್ದು ಕಾಣ್ತವೆ. ಬಾಲದಲ್ಲಿ ಅಲ್ಲದಿದ್ದರೂ ಎಲ್ಲ, ಇಲ್ಲ, ಅಲ್ಲ ಈ ಮೂರು ಕಂಡಲ್ಲೆಲ್ಲ ಒಮ್ಮೆ ನಿಲ್ಲಿ. 'ನಾವೆಲ್ಲ' ಹೋಗಿ 'ನಾವಲ್ಲ' ಆಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಎರಡನೆಯದು, ಸಂಖ್ಯೆ

ಇಪ್ಪತ್ತು ಮತ್ತು ಎಪ್ಪತ್ತರ ನಡುವೆ ಇರುವುದು ಮೊದಲ ಸ್ವರ ಒಂದೇ, ಉಳಿದದ್ದೆಲ್ಲ ಒಂದೇ ತರ. ಏಳು ಅಂದದ್ದು ಹೇಳು ಆಗಬಹುದು, ಆರು ಅಂದದ್ದು ಯಾರು ಆಗಬಹುದು. ನಮ್ಮ ಊರಿಗೇ ವಿಶೇಷವಾದ ಒಂದು ಜೋಡಿಯೂ ಉಂಟು: ಎಂಟು ಮತ್ತು ಉಂಟು. 'ಎಂಟು ಗಂಟೆಗೆ ಕ್ಲಾಸ್ ಉಂಟು' ಅಂತ ಒಮ್ಮೆ ನಿಮ್ಮ ಫೋನಿಗೆ ಹೇಳಿ ನೋಡಿ.

ಸಂಖ್ಯೆ ತಪ್ಪಿದರೆ ಓದುವವರಿಗೆ ಅನುಮಾನ ಬರುವುದಿಲ್ಲ. 'ಹೇಳು ಗಂಟೆಗೆ' ಅಂದ್ರೆ ತಪ್ಪು ಅಂತ ಗೊತ್ತಾಗ್ತದೆ, 'ಎಪ್ಪತ್ತು ಜನ' ಅಂದ್ರೆ ನಿಜವಾಗಿಯೂ ಎಪ್ಪತ್ತು ಜನ ಅಂತಲೇ ತಿಳೀತಾರೆ. ಅದಕ್ಕೆ ನಮ್ಮ ನಿಯಮ ಸರಳ: ಸಂಖ್ಯೆಯನ್ನು ಹೇಳಿ ಬರೆಸುವುದಿಲ್ಲ. ಹೇಳುವಾಗ ಬಂದರೆ ಬರಲಿ, ಆಮೇಲೆ ಆ ಪದ ಅಳಿಸಿ ಅಂಕಿಯನ್ನು ಕೈಯಲ್ಲಿ ಒತ್ತುತ್ತೇವೆ. 20, 7, ದಿನಾಂಕ, ಫೋನ್ ನಂಬರ್ ಎಲ್ಲವೂ ಹಾಗೆಯೇ. ತಿದ್ದುವಾಗ 'ಬರುವ ಭಾನುವಾರ' ಅನ್ನುವುದಕ್ಕೂ ದಿನಾಂಕ ಹಾಕಿಬಿಡಿ. ಶುಕ್ರವಾರ ಕಳಿಸಿದ ಇಮೇಲನ್ನು ಸೋಮವಾರ ಓದಿದರೆ 'ಬರುವ ಭಾನುವಾರ' ಬೇರೆಯೇ ಆಗ್ತದೆ.

ಇಮೇಲ್ ವಿಳಾಸವೂ ಇದೇ ಸಾಲಿಗೆ ಸೇರಿದ್ದು. ಒಂದು ಚುಕ್ಕಿ ಆಚೀಚೆ ಆದರೂ ತಲುಪುವುದಿಲ್ಲ, ಅದನ್ನು ಯಾವ ಕಾರಣಕ್ಕೂ ಹೇಳಿ ಬರೆಸಬೇಡಿ.

ಮೂರನೆಯದು, ಊರಿನ ಹೆಸರು

ಹೆಚ್ಚು ಬಳಕೆಯ ಪದವನ್ನು ಫೋನ್ ಆರಿಸ್ತದೆ ಅಂತ ಹೇಳಿದೆವಲ್ಲ, ಅದರ ಪೆಟ್ಟು ಹೆಚ್ಚು ಬೀಳುವುದು ನಮ್ಮ ಊರಿನ ಹೆಸರುಗಳಿಗೆ. ಕದ್ರಿ ಕತ್ರಿ ಆಯ್ತು. ನಂತೂರು ಅಂದರೆ ನಂತರ ಬಂತು. ಬಿಜೈ ಅಂದರೆ ವಿಜಯ್ ಬಂತು. ಮಲ್ಲಿಕಟ್ಟೆಗೆ ಒಂದು ಗೆ ಸೇರಿ ಮಲ್ಲಿಗೆ ಕಟ್ಟೆ ಆಯ್ತು, ಅದು ಮಾತ್ರ ಕೇಳಲು ಚೆನ್ನಾಗಿದೆ.

ಹೆಸರನ್ನು ಒಂಟಿಯಾಗಿ ಮತ್ತೆ ಮತ್ತೆ ಹೇಳುವುದರಿಂದ ಹೆಚ್ಚು ಪ್ರಯೋಜನ ಇಲ್ಲ. ಅಕ್ಕಪಕ್ಕ ಬೇರೆ ಪದ ಇಲ್ಲದಿದ್ದರೆ ಫೋನಿಗೆ ಊಹಿಸಲು ಆಧಾರವೇ ಸಿಗುವುದಿಲ್ಲ. 'ನಂತೂರು' ಅನ್ನುವುದಕ್ಕಿಂತ 'ನಂತೂರು ಜಂಕ್ಷನ್ ಹತ್ತಿರ' ಅಂದಾಗ ಸರಿ ಬರುವ ಸಾಧ್ಯತೆ ಜಾಸ್ತಿ. ಎರಡು ಸಲಕ್ಕೆ ಬರಲಿಲ್ಲ ಅಂದ್ರೆ ಹಠ ಬೇಡ, ಇಂಗ್ಲಿಷ್ ಅಕ್ಷರದ ಕೀಬೋರ್ಡಿಗೆ ಹೋಗಿ kadri ಅಂತ ಒತ್ತಿ, ಮೇಲೆ ತೋರಿಸುವ ಪದಗಳಲ್ಲಿ ಕದ್ರಿ ಆರಿಸಿ. ಪದೇ ಪದೇ ಬೇಕಾಗುವ ಹೆಸರಾದರೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ Dictionary, ಅದರೊಳಗೆ Personal dictionary ಉಂಟು, ಅಲ್ಲಿ ಆ ಹೆಸರನ್ನು ಒಂದು ಗಿಡ್ಡ ಸಂಕೇತದ ಜೊತೆ ಸೇರಿಸಿಡಬಹುದು. ಇದು ಟೈಪ್ ಮಾಡುವಾಗ ಸಹಾಯಕ್ಕೆ ಬರುವಂಥದ್ದು. ಸೇರಿಸಿದ ಕೂಡಲೇ ಮೈಕ್ ಆ ಹೆಸರನ್ನು ಕಲಿತುಬಿಡ್ತದೆ ಅಂತ ಅಂದುಕೊಳ್ಳಬೇಡಿ.

ಲ ಮತ್ತು ಳ, ನ ಮತ್ತು ಣ ಅದಲುಬದಲಾಗುವುದನ್ನೂ ಈ ಓದಿನಲ್ಲೇ ನೋಡಿಕೊಳ್ಳಿ. ಎಲೆ ಹೋಗಿ ಎಳೆ ಆದದ್ದು ಇದೇ ಜಾತಿಯದು. ಬೆಲೆ ಮತ್ತು ಬೆಳೆ, ಮನೆ ಮತ್ತು ಮಣೆ ಹೀಗೇ.

ತಿದ್ದುವ ಕೈಚಳಕ

ಇಡೀ ಪದ ತಪ್ಪಾಗಿದ್ದರೆ ಅದರ ಮೇಲೆ ಎರಡು ಸಲ ತಟ್ಟಿ ಆರಿಸಿ, ಮೈಕ್ ಒತ್ತಿ ಮತ್ತೆ ಹೇಳಿ ಅಥವಾ ಕೈಯಲ್ಲಿ ಬರೆಯಿರಿ. ಒಂದು ಅಕ್ಷರ ಮಾತ್ರ ತಪ್ಪಿದ್ದರೆ ಇಡೀ ಪದ ಅಳಿಸುವುದು ಬೇಡ. ಇಲ್ಲಿ ಯೂನಿಕೋಡ್ ಹೇಗೆ ಕೆಲಸ ಮಾಡ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ನಮ್ಮ ಕಣ್ಣಿಗೆ ಕದ್ರಿ ಎರಡು ಅಕ್ಷರ. ಫೋನಿನ ಒಳಗೆ ಅದು ಐದು ತುಂಡು:

```
ಕದ್ರಿ = ಕ + ದ + ್ + ರ + ಿ
```

ಕೊನೆಯಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಸಾಮಾನ್ಯವಾಗಿ ಹೋಗುವುದು 'ದ್ರಿ' ಪೂರ್ತಿ ಅಲ್ಲ, ಗುಡಿಸು ಮಾತ್ರ, 'ಕದ್ರ' ಉಳೀತದೆ. ಈರುಳ್ಳಿ ಸುಲಿದ ಹಾಗೆ ಒಂದೊಂದೇ ಪದರ. ಇದನ್ನು ನಮ್ಮ ಲಾಭಕ್ಕೆ ಬಳಸಬಹುದು. 'ಬರುತ್ತವೆ' ಅನ್ನುವುದನ್ನು 'ಬರುತ್ತೇವೆ' ಮಾಡಲು 'ತ್ತ' ಆದ ಮೇಲೆ ಕರ್ಸರ್ ಇಟ್ಟು, ಕನ್ನಡ ಅಕ್ಷರಗಳ ಕೀಬೋರ್ಡಿನಲ್ಲಿ ೇ ಗುರುತು ಒಂದನ್ನು ಒತ್ತಿದರೆ ಮುಗೀತು. ಪ್ರಾಣಿಗಳು ಹೋಗಿ ನಾವು ಬಂದೆವು. ಎರಡು ಬಗೆಯ ಕೀಬೋರ್ಡನ್ನೂ ಹಾಕಿಕೊಳ್ಳಿ ಅಂತ ಹೇಳಿದ್ದು ಇದಕ್ಕೇ: ಹೊಸ ಪದಕ್ಕೆ ಇಂಗ್ಲಿಷ್ ಅಕ್ಷರದ್ದು, ಸಣ್ಣ ತೇಪೆಗೆ ಕನ್ನಡ ಅಕ್ಷರದ್ದು.

ಇನ್ನೊಂದು ಸಣ್ಣ ಗುಂಡಿ 'ಪಾರ್ಕ್ ಗೆ' ಅನ್ನುವಲ್ಲಿ ಉಂಟು. ಇಂಗ್ಲಿಷ್ ಪದದ ಮೇಲೆ ಕನ್ನಡದ ಪ್ರತ್ಯಯ ಬಂದಾಗ ಫೋನ್ ಹೀಗೆ ಜಾಗ ಬಿಟ್ಟು ಬರೆಯುವುದುಂಟು. ಜಾಗ ಅಳಿಸಿದರೆ ಸರಿ ಆಗ್ತದೆ ಅಂದುಕೊಂಡರೆ 'ಪಾರ್ಕ್ಗೆ' ಅಂತ ಆಗ್ತದೆ, ಗ ಹೋಗಿ ಕ ಕೆಳಗೆ ಒತ್ತಾಗಿ ನೇತಾಡ್ತದೆ. ಅರ್ಧಾಕ್ಷರದ ಗುರುತು ಮುಂದೆ ಬಂದ ವ್ಯಂಜನವನ್ನು ಒತ್ತಕ್ಷರ ಮಾಡಿಕೊಳ್ಳುವುದೇ ಅದರ ಸ್ವಭಾವ. ಅದಕ್ಕೆ ನಮ್ಮ ಹಿರಿಯರು ಬರೆಯುತ್ತಿದ್ದ ಹಾಗೆ ನಡುವೆ ಒಂದು ಇಕಾರ ಹಾಕಿ 'ಪಾರ್ಕಿಗೆ', 'ಪಾರ್ಕಿನಲ್ಲಿ' ಮಾಡಿ. ಹೇಳುವಾಗಲೇ ಹಾಗೆ ಹೇಳಿದರೆ ಇನ್ನೂ ಒಳ್ಳೆಯದು.

ಪೂರ್ಣವಿರಾಮ, ಅಲ್ಪವಿರಾಮಗಳನ್ನು ಕೈಯಲ್ಲೇ ಹಾಕಿ. ಬಾಯಲ್ಲಿ 'ಫುಲ್ ಸ್ಟಾಪ್' ಅಂದರೆ ಆ ಪದವೇ ವಾಕ್ಯದೊಳಗೆ ಬಂದು ಕೂರಬಹುದು. ಒಂದೊಂದು ವಾಕ್ಯಕ್ಕೆ ಮೈಕ್ ನಿಲ್ಲಿಸುವ ಅಭ್ಯಾಸ ಇದ್ದರೆ ಆಗಲೇ ಚುಕ್ಕಿ ಇಟ್ಟು ಮುಂದೆ ಹೋಗಬಹುದು. ಚುಕ್ಕಿ ಇಲ್ಲದಿದ್ದರೆ ಬಾಲ ಯಾವುದು ಅಂತಲೇ ಗೊತ್ತಾಗುವುದಿಲ್ಲ, ಮೊದಲ ಓದೇ ಕೆಟ್ಟು ಹೋಗ್ತದೆ.

ಕಳಿಸುವ ಮೊದಲು

Gmailನಲ್ಲಿ ಹೊಸ ಇಮೇಲ್ ತೆರೆದರೆ ಮೇಲ್ಗಡೆ To ಜಾಗ ಕಾಣ್ತದೆ. ಅದನ್ನು ಖಾಲಿ ಬಿಟ್ಟು ಕೆಳಗೆ ಇಮೇಲ್ ಬರೆಸಿ. ವಿಳಾಸ ಇಲ್ಲದ ಇಮೇಲ್ ಕೈ ತಪ್ಪಿ ಕಳಿಸು ಒತ್ತಿದರೂ ಹೋಗುವುದಿಲ್ಲ. ತಿದ್ದಿ ಮುಗಿದ ಮೇಲೆ ವಿಳಾಸ ಹಾಕಿ. ಗದ್ದಲದ ಜಾಗದಲ್ಲಿ, ಅಥವಾ ಶೀಟ್ ಮಾಡಿನ ಮೇಲೆ ಮಳೆ ಹೊಡೆಯುವಾಗ ಹೇಳಿ ಬರೆಸಿದ್ದಾದರೆ ಮೂರೂ ಓದನ್ನು ಎರಡೆರಡು ಸಲ ಮಾಡಿ.

ಕೊನೆಗೆ ಕಿವಿಯಿಂದ ಒಂದು ಪರೀಕ್ಷೆ. ಆಂಡ್ರಾಯ್ಡ್‌ನ Accessibility ಸೆಟ್ಟಿಂಗ್‌ನಲ್ಲಿ Select to Speak ಅಂತ ಉಂಟು. ಅದನ್ನು ಆನ್ ಮಾಡಿ ಇಮೇಲನ್ನು ಆರಿಸಿದರೆ ಫೋನ್ ಓದಿ ಹೇಳ್ತದೆ. ನಾವೇ ಓದುವಾಗ ಮನಸ್ಸಿನಲ್ಲಿ ಇದ್ದದ್ದನ್ನೇ ಓದಿಕೊಂಡು ಹೋಗ್ತೇವೆ, ಬೇರೆ ಧ್ವನಿ ಓದಿದಾಗ 'ಕೀಳುವುದು' ಅಂತ ನಿಂತದ್ದು ಕೂಡಲೇ ಕಿವಿಗೆ ಹೊಡೀತದೆ. ಎಲೆ ಮತ್ತು ಎಳೆಯ ವ್ಯತ್ಯಾಸ ಮಾತ್ರ ಕಿವಿಗಿಂತ ಕಣ್ಣಿಗೇ ಸುಲಭ.

ಇನ್ನೊಂದು ವಿಷಯ. ಧ್ವನಿ ಟೈಪಿಂಗ್‌ನಲ್ಲಿ ನಿಮ್ಮ ಮಾತು ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗಿ ಬರಬಹುದು. ಡೇಟಾ ಆಫ್ ಮಾಡಿದಾಗ ಕನ್ನಡ ಬರೆಯುವುದು ನಿಂತರೆ ನಿಮ್ಮ ಫೋನಿನಲ್ಲಿ ಹಾಗೇ ಆಗ್ತಾ ಉಂಟು ಅಂತ ಲೆಕ್ಕ. ಹಾಗಾಗಿ ಪಾಸ್‌ವರ್ಡ್, ಬ್ಯಾಂಕ್ ವಿವರ, ಆಧಾರ್ ಸಂಖ್ಯೆ ಬೇಕಾದ ಇಮೇಲಿನಲ್ಲಿ ಆ ಭಾಗವನ್ನು ಕೈಯಲ್ಲೇ ಬರೆಯಿರಿ. ಬಸ್ಸಿನಲ್ಲಿ ಕೂತು ಜೋರಾಗಿ ಹೇಳುವವರಿಗೆ ಪಕ್ಕದ ಸೀಟೂ ಒಂದು ಸರ್ವರೇ.

ಬಾಲ, ಸಂಖ್ಯೆ, ಹೆಸರು ಮೂರನ್ನೂ ನೋಡಿ, ಚುಕ್ಕಿ ಇಟ್ಟು, ದಿನಾಂಕ ಹಾಕಿದ ಮೇಲೆ ನಮ್ಮ ಇಮೇಲ್ ಹೀಗಾಯ್ತು:

> ವಿಷಯ: ಕದ್ರಿ ಪಾರ್ಕಿನಲ್ಲಿ ಮರಗಳ ಹೆಸರು ಬರೆದುಕೊಳ್ಳಲು ಅನುಮತಿ ಕೋರಿ
>
> ಮಾನ್ಯರೇ,
>
> ನಾವು ಇಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘದ ವಿದ್ಯಾರ್ಥಿಗಳು. 08-02-2026ರ ಭಾನುವಾರ ಬೆಳಿಗ್ಗೆ 7 ಗಂಟೆಗೆ ಕದ್ರಿ ಪಾರ್ಕಿಗೆ 20 ಜನ ಬರುತ್ತೇವೆ. ಅಲ್ಲಿನ ಮರಗಳ ಕನ್ನಡ ಹೆಸರು ಬರೆದುಕೊಳ್ಳುತ್ತೇವೆ. ಎಲೆ, ಹೂ ಕೀಳುವುದಿಲ್ಲ. ಮೈಕ್ ತರುವುದಿಲ್ಲ. ಇದಕ್ಕೆ ಅನುಮತಿ ಕೊಡಬೇಕಾಗಿ ವಿನಂತಿ.

ಹೇಳಿ ಬರೆಸಲು ಒಂದು ನಿಮಿಷ, ತಿದ್ದಲು ಮೂರು ನಿಮಿಷ. ಪೂರ್ತಿ ಟೈಪ್ ಮಾಡುವುದಕ್ಕಿಂತ ನಮಗೆ ಇದೇ ಬೇಗ. ಆದರೆ ಆ ಮೂರು ನಿಮಿಷವನ್ನು ಉಳಿಸಲು ಹೋಗಬೇಡಿ, ಹೂ ಕೀಳುವವರಾಗಿ ಪಾರ್ಕಿನ ಗೇಟಿನಲ್ಲಿ ನಿಲ್ಲಬೇಕಾದೀತು.